‘12 ಸೆಟ್’ ಎಂದು ಬರೆದರೆ ಸಾಲದು

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ಗಡಿಬಿಡಿ. ಹಾಡು, ಕುಣಿತ, ನಾಟಕಗಳ ತಾಲೀಮಿಗೆ ವಾರಗಟ್ಟಲೆ ಸಮಯ ಸಿಗುತ್ತದೆ. ಬಾಡಿಗೆಗೆ ತಂದ ಉಡುಪು, ಒಡವೆಗಳ ಲೆಕ್ಕ ಮಾತ್ರ ಕೊನೆಯ ದಿನ ಒಂದು ಹಾಳೆಯ ಮೇಲೆ ಗೀಚಿದ ನಾಲ್ಕು ಸಾಲಿಗೆ ಮುಗಿಯುತ್ತದೆ. ಮರುದಿನ ಅಂಗಡಿಯವರು ಎಣಿಸಿ ನೋಡಿ ಮುಂಗಡದಲ್ಲಿ ಹಣ ಮುರಿದುಕೊಂಡಾಗ, ಯಾವ ಮಗುವಿನ ಬಳಿ ಏನು ಉಳಿಯಿತೆಂದು ಯಾರಿಗೂ ಗೊತ್ತಿರುವುದಿಲ್ಲ.

ಐದನೇ ತರಗತಿಯ 12 ಹುಡುಗಿಯರ ಭರತನಾಟ್ಯವನ್ನೇ ತೆಗೆದುಕೊಳ್ಳೋಣ. ಬಿಲ್ಲಿನಲ್ಲಿ ‘12 ಸೆಟ್’ ಎಂದಷ್ಟೇ ಇರುತ್ತದೆ. ಒಂದು ಸೆಟ್ಟಿನ ಒಡವೆ ಬಿಡಿಸಿ ಎಣಿಸಿದರೆ ಬೈತಲೆ ಬೊಟ್ಟು, ಸೂರ್ಯ, ಚಂದ್ರ, ಅಡ್ಡಿಗೆ, ಉದ್ದ ಸರ, ಡಾಬು ಒಂದೊಂದು. ಜುಮುಕಿ, ಮಾಟಿ, ವಂಕಿ ಎರಡೆರಡು. ಅಲ್ಲಿಗೆ 12 ಬಿಡಿ ವಸ್ತುಗಳಾದವು. ಹನ್ನೆರಡು ಮಕ್ಕಳಿಗೆ 144. ಕಳೆಯುವುದು ಇಡೀ ಸೆಟ್ಟಲ್ಲ, ಒಂದು ಮಾಟಿ ಅಥವಾ ಒಂದು ಜುಮುಕಿ. ಆದ್ದರಿಂದ ಪಟ್ಟಿಯಲ್ಲಿ ಸೆಟ್ ಬರೆಯದೆ ಬಿಡಿ ವಸ್ತುಗಳನ್ನೇ ಬರೆಯಬೇಕು.

ಪಟ್ಟಿಯನ್ನು ತರಗತಿಗೊಂದು ಹಾಳೆಯಂತೆ ಮಾಡಿಕೊಳ್ಳುವುದು ಒಳ್ಳೆಯದು. ಮೇಲೆ ತರಗತಿ, ಕಾರ್ಯಕ್ರಮ, ಹೊಣೆ ಹೊತ್ತ ಶಿಕ್ಷಕರ ಹೆಸರು. ಕೆಳಗೆ ಪ್ರತಿ ಮಗುವಿಗೆ ಒಂದು ಸಾಲು, ಪ್ರತಿ ವಸ್ತುವಿಗೆ ಒಂದು ಕಾಲಂ. ಪ್ರತಿ ಚೌಕದಲ್ಲಿ ಎರಡು ಗುರುತಿಗೆ ಜಾಗ ಬೇಕು: ಕೊಟ್ಟಾಗ ಒಂದು ಗೆರೆ, ವಾಪಸು ಬಂದಾಗ ಅದರ ಮೇಲೆ ಅಡ್ಡ ಗೆರೆ. ಬರಿ ಒಂದೇ ಗೆರೆ ಉಳಿದ ಚೌಕ ಕಂಡರೆ ಬಾಕಿ ಯಾರದು, ಏನು ಎಂದು ಆಗಲೇ ತಿಳಿಯುತ್ತದೆ. ವಸ್ತುವಿನ ಹೆಸರಿನ ಕೆಳಗೆ ‘ಅಂಗಡಿ’, ‘ಶಾಲೆ’, ‘ಮನೆ’ ಎಂದು ಬರೆದಿರಲಿ. ಕೋಲಾಟದ ಕೋಲು ಶಾಲೆಯ ಕಪಾಟಿಗೆ ಹೋಗಬೇಕು, ಅಪ್ಪನ ಪಂಚೆ ಮನೆಗೆ, ಡಾಬು ಅಂಗಡಿಗೆ. ಈ ಮೂರೂ ಒಂದೇ ರಾಶಿಯಲ್ಲಿ ಬಿದ್ದರೆ ಬೇರ್ಪಡಿಸುವುದರಲ್ಲೇ ಮರುದಿನ ಕಳೆಯುತ್ತದೆ.

ಅಂಗಡಿಯಿಂದ ತರುವಾಗಲೇ ಅಲ್ಲಿ ನಿಂತು ಎಣಿಸಿ. ಕಲ್ಲು ಬಿದ್ದ ಅಡ್ಡಿಗೆ, ಕೊಂಡಿ ಸಡಿಲವಾದ ಡಾಬು, ಹೊಲಿಗೆ ಬಿಟ್ಟ ರವಿಕೆ ಕಂಡರೆ ಬಿಲ್ಲಿನ ಮೇಲೆ ಬರೆಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲವಾದರೆ ಹಳೆಯ ಹಾನಿಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಬಾಡಿಗೆ ಬಟ್ಟೆಯ ಮೇಲೆ ಪೆನ್ನಿನಿಂದ ಹೆಸರು ಬರೆಯುವಂತಿಲ್ಲ. ಮಗುವಿನ ಸಂಖ್ಯೆ ಬರೆದ ರಟ್ಟಿನ ಚೀಟಿಯನ್ನು ದಾರದಲ್ಲಿ ಕಟ್ಟಿ. ಒಡವೆಗೆ ಅದೇ ಸಂಖ್ಯೆಯ ಜಿಪ್ ಕವರ್ ಇರಲಿ.

ನಾಟಕದ ಸಾಮಾನಿಗೆ ಈ ಹಾಳೆ ಹೊಂದುವುದಿಲ್ಲ. ಗದೆ, ಬಿಲ್ಲು, ಕಿರೀಟ ಒಂದು ದೃಶ್ಯದಲ್ಲಿ ಒಬ್ಬರ ಕೈಯಲ್ಲಿದ್ದರೆ ಮುಂದಿನದರಲ್ಲಿ ಇನ್ನೊಬ್ಬರ ಕೈಗೆ ಹೋಗುತ್ತವೆ. ಅವನ್ನು ಮಗುವಿನ ಹೆಸರಿನಲ್ಲಲ್ಲ, ದೃಶ್ಯದ ಪ್ರಕಾರ ಬರೆಯಬೇಕು. ರಂಗದ ಎಡದಿಂದಲೋ ಬಲದಿಂದಲೋ ಎಂಬುದೂ ಪಕ್ಕದಲ್ಲಿರಲಿ. ಪರದೆಯ ಹಿಂದೆ ಒಂದು ಮೇಜಿಗೆ ಬಿಳಿ ಹಾಳೆ ಹಾಸಿ, ಪ್ರತಿ ವಸ್ತುವನ್ನು ಇಟ್ಟು ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ದೃಶ್ಯ ಮುಗಿದ ಮೇಲೂ ಗದೆಯ ಗೆರೆಯೊಳಗೆ ಗದೆ ಇಲ್ಲದಿದ್ದರೆ, ಮುಂದಿನ ದೃಶ್ಯಕ್ಕೆ ಮೊದಲೇ ಹುಡುಕಬಹುದು.

ವಸ್ತುಗಳು ಹೆಚ್ಚಾಗಿ ಕಳೆಯುವುದು ಕುಣಿತ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಮಗು ವೇಷದಲ್ಲೇ ಅಪ್ಪ ಅಮ್ಮನ ಬಳಿ ಓಡುತ್ತದೆ, ಅಜ್ಜಿ ತಾತನ ಜೊತೆ ಫೋಟೋ ಆಗುತ್ತದೆ, ನಿದ್ದೆ ಬಂದ ಮಗುವನ್ನು ಹಾಗೆಯೇ ಮನೆಗೆ ಕರೆದೊಯ್ಯುತ್ತಾರೆ. ತಡೆಯಲು ಸುಲಭದ ದಾರಿಯೊಂದಿದೆ. ಮಗು ಬಿಚ್ಚಿಟ್ಟ ಸ್ವಂತ ಬಟ್ಟೆ, ಚಪ್ಪಲಿಯನ್ನು ಅದೇ ಸಂಖ್ಯೆಯ ಚೀಲದಲ್ಲಿಟ್ಟು ವೇಷ ಕೋಣೆಯಲ್ಲೇ ಇಟ್ಟುಕೊಳ್ಳಿ. ಒಡವೆಯ ಕವರ್ ತುಂಬಿ ಹಾಳೆಯಲ್ಲಿ ಅಡ್ಡ ಗೆರೆ ಬಿದ್ದ ಮೇಲೆ ಚೀಲ ಕೊಡಿ. ಫೋಟೋಗೆ ಕೋಣೆಯ ಪಕ್ಕದಲ್ಲೇ ಒಂದು ಜಾಗ, ಹತ್ತು ನಿಮಿಷ ಮೀಸಲಿಡಿ. ಪೋಷಕರಿಗೆ ಇದನ್ನು ಮೊದಲೇ ಚೀಟಿಯಲ್ಲಿ ತಿಳಿಸಿದರೆ ಯಾರಿಗೂ ಬೇಸರವಾಗದು. ಎಲ್ಲ ತರಗತಿಗಳನ್ನು ಕೊನೆಗೆ ಒಟ್ಟಿಗೆ ಎಣಿಸುವುದು ಬೇಡ. ಒಂದು ಕುಣಿತ ಮುಗಿದ ಕೂಡಲೇ ಆ ಹಾಳೆ ಮುಗಿಯಬೇಕು. ಎರಡು ಕಾರ್ಯಕ್ರಮಗಳಲ್ಲಿರುವ ಮಗುವಿನ ಹೆಸರಿಗೆ ಸುತ್ತು ಹಾಕಿ. ಆ ಮಗುವಿನ ಮೊದಲ ವೇಷ ಇಳಿಸಿಕೊಂಡ ಮೇಲೆ ಎರಡನೆಯದನ್ನು ತೊಡಿಸಬೇಕು.

ಬೆವರಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ವಾಸನೆ ಹಿಡಿಯುತ್ತದೆ, ಜರಿ ಕಪ್ಪಾಗುತ್ತದೆ. ಪಿನ್ನು ತೆಗೆದು ರಾತ್ರಿಯೇ ಹಗ್ಗದ ಮೇಲೆ ಹರವಿ. ಒಗೆಯುವುದು ಅಂಗಡಿಯವರ ಕೆಲಸ. ನೀವು ಒಗೆದರೆ ಬಣ್ಣ ಬಿಡಬಹುದು.

ಕೊನೆಗೆ ಒಂದು ಕೂಡುವ ಲೆಕ್ಕ. ಸರಿಯಾಗಿ ಬಂದದ್ದು, ಮುರಿದದ್ದು, ಕಾಣದ್ದು ಮೂರೂ ಸೇರಿ ಕೊಟ್ಟ ಸಂಖ್ಯೆಗೆ ಸಮನಾಗಬೇಕು. ಐದನೇ ತರಗತಿಯಲ್ಲಿ 141 ಸರಿಯಾಗಿ ಬಂದು, ಒಂದು ವಂಕಿ ಮುರಿದು, ಎರಡು ಮಾಟಿ ಕಾಣದಿದ್ದರೆ 144 ಸರಿಹೋಯಿತು. ಹಾಳೆಯಲ್ಲಿ ಆ ಎರಡು ಚೌಕಗಳ ಹೆಸರು ನೋಡಿ ಆ ಎರಡು ಮನೆಗಷ್ಟೇ ಫೋನ್ ಮಾಡಿದರೆ ಸಾಕು. ಹೆಚ್ಚಿನ ಸಲ ಮಾಟಿ ಇನ್ನೂ ಜಡೆಯಲ್ಲೇ ಸಿಕ್ಕಿಕೊಂಡಿರುತ್ತದೆ, ಅಂಗಡಿಗೆ ಹೋಗುವ ಮೊದಲೇ ಕೈಗೆ ಬರುತ್ತದೆ.