ಹಪ್ಪಳದ ಪೆಟ್ಟಿಗೆಗೆ ಎರಡು ತೂಕ

ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಮ್ಮ ಪ್ರತಿ ಬೇಸಿಗೆಯಲ್ಲಿ ದಿಲ್ಲಿಯ ಮಗಳಿಗೆ ಹಲಸಿನ ಹಪ್ಪಳ ಕಳಿಸುತ್ತಾಳೆ. ಹೋದ ವರ್ಷ ಎರಡು ಕಿಲೋ ಹಪ್ಪಳ, ಅರ್ಧ ಕಿಲೋ ಅರಳು ಸಂಡಿಗೆ, ಅರ್ಧ ಕಿಲೋ ಚಕ್ಕುಲಿ ಸೇರಿಸಿ, ಅಟ್ಟದ ಮೇಲಿದ್ದ ಮಿಕ್ಸಿ ಡಬ್ಬಕ್ಕೆ ತುಂಬಿದಳು. ಮನೆಯ ತಕ್ಕಡಿಯಲ್ಲಿ ಒಟ್ಟು 3.6 ಕಿಲೋ ಬಂತು. ಪೇಟೆಯ ಕೊರಿಯರ್ ಅಂಗಡಿಯಲ್ಲಿ ಕೊಟ್ಟ ರಸೀದಿಯಲ್ಲಿ ಮಾತ್ರ 7 ಕಿಲೋ ಎಂದಿತ್ತು. ತಕ್ಕಡಿ ಮೋಸದ್ದು ಎಂದು ಅವಳು ಅಲ್ಲೇ ಜಗಳಕ್ಕೆ ನಿಂತಳು. ನಾನೂ ಜೊತೆಗಿದ್ದೆ. ತಕ್ಕಡಿ ಸರಿಯಾಗಿಯೇ ಇತ್ತು. ಅವರು ತೂಗಿದ್ದರ ಜೊತೆಗೆ ಡಬ್ಬವನ್ನು ಟೇಪು ಹಿಡಿದು ಅಳೆದೂ ಇದ್ದರು.

ಪಾರ್ಸೆಲ್ಲಿಗೆ ಎರಡು ತೂಕ ಇರುತ್ತದೆ. ಒಂದು ತಕ್ಕಡಿ ತೋರಿಸುವುದು. ಇನ್ನೊಂದು ಡಬ್ಬ ಎಷ್ಟು ಜಾಗ ತಿನ್ನುತ್ತದೆ ಎಂಬುದರಿಂದ ಲೆಕ್ಕ ಹಾಕಿದ್ದು. ಕೊರಿಯರಿನವರು ಅದನ್ನು ವಾಲ್ಯೂಮೆಟ್ರಿಕ್ ವೇಟ್ ಎನ್ನುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ವಿಮಾನದ ಹೊಟ್ಟೆಯಲ್ಲಿ ಜಾಗ ಸೀಮಿತ. ಹಗುರವಾದ ದೊಡ್ಡ ಡಬ್ಬಗಳನ್ನೇ ತುಂಬಿದರೆ, ಹೊರಬಲ್ಲ ಭಾರದ ಕಾಲುಭಾಗ ಸೇರುವ ಮೊದಲೇ ಜಾಗ ಮುಗಿದುಹೋಗಬಹುದು. ಆ ಜಾಗದ ಬೆಲೆಯನ್ನು ಯಾರಾದರೂ ಕೊಡಲೇಬೇಕು ಎಂಬುದೇ ಈ ಲೆಕ್ಕದ ಮೂಲ.

ಲೆಕ್ಕ ಸುಲಭ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಮೂರನ್ನೂ ಗುಣಿಸಿ, 5000ದಿಂದ ಭಾಗಿಸಿದರೆ ಕಿಲೋ ಬರುತ್ತದೆ. ಮಿಕ್ಸಿ ಡಬ್ಬ 45 ಉದ್ದ, 30 ಅಗಲ, 25 ಎತ್ತರ ಇತ್ತು. ಗುಣಿಸಿದರೆ 33,750, ಭಾಗಿಸಿದರೆ 6.75. ಅರ್ಧ ಕಿಲೋ ಹಂತಕ್ಕೆ ಏರಿಸಿದಾಗ 7. ವಿಮಾನದಲ್ಲಿ ಹೋಗುವ ಕೊರಿಯರಿಗೆ 5000ವೇ ಹೆಚ್ಚು ಬಳಕೆಯಲ್ಲಿರುವ ಅಂಕೆ. ವಿಮಾನದ ಸಾಮಾನ್ಯ ಸರಕಿಗೆ 6000 ಬಳಸುತ್ತಾರೆ. ರಸ್ತೆಯಲ್ಲಿ ಹೋಗುವುದಕ್ಕೆ ಒಂದೊಂದು ಕಂಪನಿಯದು ಒಂದೊಂದು. ಈ ಅಂಕೆ ಚಿಕ್ಕದಾದಷ್ಟೂ ನಮ್ಮ ಖರ್ಚು ಹೆಚ್ಚು. ಹಾಗಾಗಿ ಕಿಲೋಗೆ ಎಷ್ಟು ಎಂದು ಕೇಳುವಾಗಲೇ ಎಷ್ಟರಿಂದ ಭಾಗಿಸುತ್ತೀರಿ ಎಂದೂ ಕೇಳಬೇಕು. ಎರಡು ಅಂಗಡಿಗಳ ದರ ಹೋಲಿಸುವವರು ಈ ಎರಡನೆಯ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ, ಅಲ್ಲೇ ಲೆಕ್ಕ ತಪ್ಪುತ್ತದೆ.

5000 ಘನ ಸೆಂಟಿಮೀಟರ್ ಅಂದರೆ ಐದು ಲೀಟರ್ ಜಾಗ. ಅಷ್ಟು ಜಾಗಕ್ಕೆ ಒಂದು ಕಿಲೋ ಅಂದರೆ ಒಂದು ಲೀಟರಿಗೆ 200 ಗ್ರಾಂ. ಮನೆಯಲ್ಲೇ ಅಂದಾಜು ಮಾಡಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಸಿಕ್ಕಿಲ್ಲ. ಒಂದು ಲೀಟರ್ ಹಿಡಿಯುವ ಪಾತ್ರೆಗೆ ಕಳಿಸಬೇಕಾದದ್ದನ್ನು ತುಂಬಿ ತೂಗಿ. ಅಕ್ಕಿಯಾದರೆ 800 ಗ್ರಾಮಿನ ಹತ್ತಿರ ತೂಗುತ್ತದೆ, ಅದಕ್ಕೆ ತಕ್ಕಡಿಯ ತೂಕವೇ ಲೆಕ್ಕ. ಮಂಡಕ್ಕಿ 100 ಗ್ರಾಮೂ ಆಗದು, ಅದಕ್ಕೆ ಜಾಗದ ತೂಕವೇ ಲೆಕ್ಕ. ಚಕ್ಕುಲಿ, ಸಂಡಿಗೆಯಂಥವು ಇವೆರಡರ ನಡುವೆ ಬರುತ್ತವೆ. ಅವನ್ನು ಹೇಗೆ ಜೋಡಿಸಿದೆವು ಎಂಬುದರ ಮೇಲೆ ಖರ್ಚು ನಿಂತಿರುತ್ತದೆ.

ಚಿಕ್ಕಮ್ಮನನ್ನು ಸಮಾಧಾನ ಮಾಡಿ ಡಬ್ಬವನ್ನು ವಾಪಸ್ ತಂದೆವು. ಹಪ್ಪಳದ ಕಟ್ಟುಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಅವನ್ನು ಒಂದರ ಮೇಲೊಂದು ಒತ್ತಾಗಿ ಇಟ್ಟೆವು. ಚಕ್ಕುಲಿಯನ್ನು ಒಳಗೆ ಅಲುಗಾಡದಂತೆ ಬಾಯಿಮಟ್ಟ ತುಂಬಿ ಮುಚ್ಚಳ ಹಾಕಿದೆವು. ದುಂಡು ಡಬ್ಬಿಯ ಸುತ್ತ ಉಳಿಯುವ ಮೂಲೆಗಳಿಗೆ ಸಂಡಿಗೆಯ ಸಣ್ಣ ಪೊಟ್ಟಣಗಳು ಹೋದವು. ಎಲ್ಲವೂ 32, 24, 22 ಸೆಂಟಿಮೀಟರಿನ ರಟ್ಟಿನ ಪೆಟ್ಟಿಗೆಯಲ್ಲಿ ಕೂತಿತು. ಗುಣಿಸಿದರೆ 16,896, ಜಾಗದ ತೂಕ 3.38. ತಕ್ಕಡಿಯಲ್ಲಿ 3.4. ಎರಡು ತೂಕವೂ ಹೀಗೆ ಅಕ್ಕಪಕ್ಕ ಬಂದು ನಿಂತಾಗ ಪೆಟ್ಟಿಗೆ ಸರಿಯಾದ ಅಳತೆಗೆ ಬಂದಿದೆ ಎಂದರ್ಥ. ಇನ್ನೂ ಚಿಕ್ಕದು ಮಾಡಲು ಹೋದರೆ ಸಂಡಿಗೆ ಪುಡಿಯಾಗುತ್ತದೆ, ದುಡ್ಡು ಮಾತ್ರ ಉಳಿಯುವುದಿಲ್ಲ.

ಆ ಅಂಗಡಿಯಲ್ಲಿ ಅಂದಿನ ವಿಮಾನದ ದರ ಕಿಲೋಗೆ 120 ರೂಪಾಯಿ. ಅದರ ಮೇಲೆ ಇಂಧನದ ಹೆಚ್ಚುವರಿ 20 ಶೇಕಡಾ, ಇವೆರಡೂ ಸೇರಿದ ಮೊತ್ತದ ಮೇಲೆ 18 ಶೇಕಡಾ ಜಿಎಸ್‌ಟಿ. ಮಿಕ್ಸಿ ಡಬ್ಬಕ್ಕೆ 840 ಎಂದು ಶುರುವಾದದ್ದು ಕೊನೆಗೆ 1,189 ರೂಪಾಯಿ ಆಗಿತ್ತು. ಹೊಸ ಪೆಟ್ಟಿಗೆಗೆ ಮೂರೂವರೆ ಕಿಲೋ ಲೆಕ್ಕದಲ್ಲಿ 595. ಬೋರ್ಡಿನ ಮೇಲಿನ ದರ ನೋಡಿ ಅಂದಾಜು ಮಾಡುವವರು ಈ ಎರಡು ಶೇಕಡಾಗಳನ್ನು ಮರೆಯಬಾರದು. ಅವು ಸೇರಿ ಹತ್ತಿರ ಹತ್ತಿರ ನಲವತ್ತು ಶೇಕಡಾ ಏರಿಸುತ್ತವೆ. ಇಂಧನದ್ದು ಆಗಾಗ ಬದಲಾಗುತ್ತಲೂ ಇರುತ್ತದೆ.

ಪ್ಯಾಕಿಂಗ್ ವಿಷಯದಲ್ಲಿ ನಾವು ಹೆಚ್ಚಿನವರು ತಪ್ಪುವುದು ಇಲ್ಲಿ: ಗುಳ್ಳೆ ಪ್ಲಾಸ್ಟಿಕ್ ಹಗುರ, ಅದರಿಂದ ಖರ್ಚು ಹೆಚ್ಚದು ಎಂದುಕೊಳ್ಳುತ್ತೇವೆ. ಇದೇ ಪೆಟ್ಟಿಗೆಯ ಹೊರಗೆ ಎಲ್ಲ ಕಡೆ ಎರಡು ಸೆಂಟಿಮೀಟರ್ ದಪ್ಪ ಸುತ್ತಿದೆವು ಎನ್ನಿ. ಪ್ರತಿ ಅಳತೆಗೂ ನಾಲ್ಕು ಸೆಂಟಿಮೀಟರ್ ಸೇರಿ 36, 28, 26 ಆಗುತ್ತದೆ. ಜಾಗದ ತೂಕ 5.24, ಹಣ ಕೊಡುವುದು ಐದೂವರೆ ಕಿಲೋಗೆ. ಕೆಲವೇ ಗ್ರಾಂ ತೂಗುವ ಪ್ಲಾಸ್ಟಿಕ್ ಎರಡು ಕಿಲೋ ಸೇರಿಸಿಬಿಟ್ಟಿತು. ಒಡೆಯುವ ವಸ್ತುವಿಗೆ ಮೆತ್ತೆ ಬೇಕೇ ಬೇಕು, ಆದರೆ ಅದು ಒಡೆಯುವ ವಸ್ತುವಿನ ಸುತ್ತ ಇರಲಿ, ಇಡೀ ಪೆಟ್ಟಿಗೆಯ ಸುತ್ತ ಬೇಡ. ಹೇಗೂ ಕಳಿಸಲಿರುವ ಟವೆಲ್ಲೋ ಹತ್ತಿಯ ರವಿಕೆ ಬಟ್ಟೆಯೋ ಇದ್ದರೆ ಅದೇ ಮೆತ್ತೆ ಆಗಲಿ. ಇನ್ನೊಂದು ಮಾತು: ರಟ್ಟಿನ ಪೆಟ್ಟಿಗೆ ಮಾರುವವರು ಹೆಚ್ಚಾಗಿ ಒಳ ಅಳತೆಯನ್ನು ಹೇಳುತ್ತಾರೆ, ಕೊರಿಯರಿನವರು ಹೊರಗಿನಿಂದ ಅಳೆಯುತ್ತಾರೆ. ಅದೂ ಉಬ್ಬಿದ ಕಡೆಯಲ್ಲಿ. ಮೇಲ್ಭಾಗ ಎರಡು ಸೆಂಟಿಮೀಟರ್ ಉಬ್ಬಿದರೆ ನಮ್ಮ ಮೂರೂವರೆ ಕಿಲೋ ನಾಲ್ಕಾಗುತ್ತದೆ. ಮನೆಯಿಂದಲೇ ಫೋನಿನಲ್ಲಿ ಬುಕ್ ಮಾಡುವವರಿಗೆ ಇದು ತಡವಾಗಿ ತಿಳಿಯುತ್ತದೆ: ಗೋದಾಮಿನಲ್ಲಿ ಯಂತ್ರ ಮತ್ತೆ ಅಳೆದು, ವ್ಯತ್ಯಾಸದ ಹಣ ಆಮೇಲೆ ಕೇಳುತ್ತಾರೆ. ಟೇಪು ಹಿಡಿದು ತೆಗೆದ ಒಂದು ಫೋಟೊ, ತಕ್ಕಡಿಯ ಮೇಲಿಟ್ಟು ತೆಗೆದ ಒಂದು ಫೋಟೊ ಇದ್ದರೆ ಆಗ ವಾದಿಸಲು ಆಧಾರವಿರುತ್ತದೆ.

ಈ ವರ್ಷ ಚಿಕ್ಕಮ್ಮ ಅವಸರ ಏನೂ ಇಲ್ಲ ಎಂದಳು. ಹಪ್ಪಳ ಎರಡು ದಿನದಲ್ಲೇ ತಲುಪಬೇಕು ಎಂದೇನಿಲ್ಲ, ವಾರವಾದರೂ ಕೆಡುವುದಿಲ್ಲ. ರಸ್ತೆಯ ದರ ಕಿಲೋಗೆ 60 ರೂಪಾಯಿ. ಆದರೆ ಕನಿಷ್ಠ ಐದು ಕಿಲೋಗೆ ಹಣ ಕೊಡಬೇಕು, ಭಾಗಿಸುವ ಅಂಕೆ 4500. ವಿಮಾನ ಬಿಟ್ಟು ರಸ್ತೆ ಹಿಡಿಯುವಾಗ ಇಂಥ ಕನಿಷ್ಠ ತೂಕದ ಷರತ್ತು ಇದೆಯೇ ಎಂದು ನೋಡಲೇಬೇಕು. ಅರ್ಧ ಕಿಲೋ ಕಳಿಸುವವರಿಗೆ ರಸ್ತೆಯೇ ದುಬಾರಿಯಾಗಬಹುದು. ನಮ್ಮ ಪೆಟ್ಟಿಗೆಯನ್ನು ಹಾಗೆಯೇ ಕಳಿಸಿದ್ದರೂ ಐದು ಕಿಲೋದ ಹಣವೇ ಆಗುತ್ತಿತ್ತು. ಅಂದರೆ ಇನ್ನೂ ಒಂದೂವರೆ ಕಿಲೋಗೆ ಪುಕ್ಕಟೆ ಜಾಗ.

ಚಿಕ್ಕಮ್ಮನಿಗೆ ಇದು ಕೂಡಲೇ ಹೊಳೆಯಿತು. ಅಪ್ಪೆಮಿಡಿ ಉಪ್ಪಿನಕಾಯಿ ತಂದಳು. ರಸ ಇರುವ, ಎಣ್ಣೆ ಸೋರಬಹುದಾದ ಪದಾರ್ಥವನ್ನು ವಿಮಾನಕ್ಕೆ ತೆಗೆದುಕೊಳ್ಳಲು ಎಷ್ಟೋ ಕಡೆ ಒಪ್ಪುವುದಿಲ್ಲ, ರಸ್ತೆಗಾದರೆ ಅಷ್ಟು ಬಿಗಿ ಇಲ್ಲ. ಪ್ಲಾಸ್ಟಿಕ್ ಭರಣಿಯ ಬಾಯಿಗೆ ಹಾಳೆ ಕಟ್ಟಿ, ಮುಚ್ಚಳ ತಿರುಗಿಸಿ, ಎರಡು ಕವರಿನೊಳಗೆ ಗಂಟು ಹಾಕಿ, ಕೆಳಗೆ ಹಪ್ಪಳದ ಪಕ್ಕದಲ್ಲಿ ನಿಲ್ಲಿಸಿದಳು. ಪೆಟ್ಟಿಗೆ 36, 26, 24. ಜಾಗದ ತೂಕ 4.99, ತಕ್ಕಡಿಯಲ್ಲಿ 4.8. ಅಂಗಡಿಯವರು ಟೇಪು ಹಿಡಿಯುವ ಮೊದಲೇ ಐದು ಕಿಲೋ ಎಂದು ಬರೆಯಿರಿ ಎಂದಳು. ಎಲ್ಲ ಸೇರಿ 425 ರೂಪಾಯಿ ಆಯಿತು.