ವಿದೇಶಿಗರು ಷೇರು ಮಾರಿದರೆ ನಮ್ಮ ಹಣ ದೇಶ ಬಿಟ್ಟು ಹೋಗುತ್ತದೆಯೇ?

"ವಿದೇಶಿಗರು ಲಕ್ಷ ಕೋಟಿ ಎತ್ತಿಕೊಂಡು ಹೋದರು, ಷೇರುಪೇಟೆ ಮುಳುಗಿತು, ಇವತ್ತೇ ಎಸ್ಐಪಿ ನಿಲ್ಲಿಸಿ." ಪೇಟೆ ಬಿದ್ದಾಗಲೆಲ್ಲ ಇಂಥ ಸಂದೇಶ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ವಾಟ್ಸಾಪ್ ಗುಂಪುಗಳಲ್ಲೂ ಹರಿದಾಡುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ಬಿಡಿಸಿ ನೋಡೋಣ.

ಮಾರಿದ ಷೇರು ಎಲ್ಲಿ ಹೋಯಿತು?

ಷೇರುಪೇಟೆ ಹಣ ತುಂಬಿದ ಕೊಡವಲ್ಲ. ಒಬ್ಬರು ಮಾರಬೇಕಾದರೆ ಇನ್ನೊಬ್ಬರು ಕೊಳ್ಳಲೇಬೇಕು. ವಿದೇಶಿ ಫಂಡ್ ಮಾರಿದ ಷೇರನ್ನು ನಮ್ಮ ಮ್ಯೂಚುವಲ್ ಫಂಡೋ, ಎಲ್‌ಐಸಿಯೋ, ಸಾಮಾನ್ಯ ಹೂಡಿಕೆದಾರರೋ ಕೊಂಡಿರುತ್ತಾರೆ. ಮಾರಿದವರು ಆ ರೂಪಾಯಿಯನ್ನು ಡಾಲರ್ ಮಾಡಿಕೊಂಡು ಹೊರಟಾಗ ರೂಪಾಯಿಯ ಮೇಲೆ ಒತ್ತಡ ಬೀಳುವುದು ನಿಜ. ಆದರೆ ಷೇರು ಇಲ್ಲೇ ಇರುತ್ತದೆ, ಕಂಪನಿಯ ಕಾರ್ಖಾನೆಯೂ ಇಲ್ಲೇ ಇರುತ್ತದೆ.

ಹಾಗಿದ್ದರೆ ಬೆಲೆ ಬೀಳುವುದೇಕೆ? ಗಂಗಾವತಿಯ ಭತ್ತದ ಮಾರುಕಟ್ಟೆಯನ್ನು ನೆನೆಯಿರಿ. ಒಬ್ಬ ದೊಡ್ಡ ವ್ಯಾಪಾರಿ ಸಂಜೆಯೊಳಗೆ ಸಾವಿರ ಚೀಲ ಮಾರಲೇಬೇಕು ಎಂದುಕೊಳ್ಳಿ. ಮೊದಲ ನೂರು ಚೀಲಕ್ಕೆ 2,000 ರೂಪಾಯಿಯಂತೆ ಕೊಳ್ಳುವವರು ಸಿಗುತ್ತಾರೆ. ಮುಂದಿನವು 1,950ಕ್ಕೆ, ಕೊನೆಯವು 1,900ಕ್ಕೆ ಹೋಗುತ್ತವೆ. ಈಗ ಪೇಟೆಯ ದರ 1,900. ಮನೆಯಲ್ಲಿ ಇನ್ನೂರು ಚೀಲ ಇಟ್ಟುಕೊಂಡು ಒಂದನ್ನೂ ಮಾರದ ರೈತನ ಭತ್ತದ ಬೆಲೆಯೂ ಲೆಕ್ಕದಲ್ಲಿ 20 ಸಾವಿರ ಇಳಿಯಿತು. ಆ 20 ಸಾವಿರವನ್ನು ಯಾರೂ ಒಯ್ದಿಲ್ಲ. "ಒಂದೇ ದಿನ ಹೂಡಿಕೆದಾರರ ಹತ್ತು ಲಕ್ಷ ಕೋಟಿ ಮಾಯ" ಎಂಬ ಸುದ್ದಿಯ ಲೆಕ್ಕವೂ ಹೀಗೆಯೇ: ಕೊನೆಯ ವ್ಯವಹಾರದ ದರವನ್ನು ಎಲ್ಲ ಷೇರುಗಳಿಗೂ ಗುಣಿಸಿದ್ದು.

ಎರಡು ತಿಂಗಳ ಕಥೆ

ಹೆಚ್ಚು ಮಾರಿದಷ್ಟೂ ಹೆಚ್ಚು ಕುಸಿತ ಎಂಬುದಕ್ಕೆ ಲೆಕ್ಕ ತಾಳೆಯಾಗುವುದಿಲ್ಲ. ಕೋವಿಡ್ ಬಂದ 2020ರ ಮಾರ್ಚ್‌ನಲ್ಲಿ ವಿದೇಶಿಗರು ಕೊಂಡದ್ದಕ್ಕಿಂತ ಸುಮಾರು 62 ಸಾವಿರ ಕೋಟಿ ರೂಪಾಯಿಯಷ್ಟು ಷೇರು ಹೆಚ್ಚು ಮಾರಿದರು. ಆ ತಿಂಗಳು ನಿಫ್ಟಿ ಸುಮಾರು ಶೇ. 23 ಬಿತ್ತು. 2024ರ ಅಕ್ಟೋಬರ್‌ನಲ್ಲಿ ಅವರು ಮಾರಿದ್ದು ಸುಮಾರು 94 ಸಾವಿರ ಕೋಟಿ. ನಿಫ್ಟಿ ಬಿದ್ದದ್ದು ಮಾತ್ರ ಸುಮಾರು ಶೇ. 6.

ಎರಡೂ ಸಲ ದೇಶದ ಸಂಸ್ಥೆಗಳು ದೊಡ್ಡ ಮೊತ್ತದಲ್ಲಿ ಕೊಂಡಿದ್ದವು. ಆದರೆ 2020ರಲ್ಲಿ ಲಾಕ್‌ಡೌನ್ ಎಷ್ಟು ದಿನ, ಯಾವ ಕಂಪನಿ ಉಳಿಯುತ್ತದೆ ಎಂಬುದೇ ತಿಳಿಯದೆ, ಕೊಳ್ಳುವವರು ತೀರಾ ಕಡಿಮೆ ದರ ಸಿಕ್ಕರಷ್ಟೇ ಕೈ ಹಾಕಿದರು. 2024ರಲ್ಲಿ ಆ ಭಯ ಇರಲಿಲ್ಲ. ನಮ್ಮ ಷೇರು ದುಬಾರಿಯಾಗಿದ್ದವು, ಚೀನಾ ಸರ್ಕಾರ ಆರ್ಥಿಕ ನೆರವು ಘೋಷಿಸಿದ್ದರಿಂದ ಕೆಲವು ಫಂಡ್‌ಗಳು ಅತ್ತ ತಿರುಗಿದವು. ಜೊತೆಗೆ ಪೇಟೆಯ ಗಾತ್ರವೂ ಮೂರು ಪಟ್ಟು ಬೆಳೆದಿತ್ತು. ತಿಂಗಳ ಎಸ್ಐಪಿ ಹಣ 2020ರ ಮಾರ್ಚ್‌ನ ಸುಮಾರು 8,600 ಕೋಟಿಯಿಂದ 25 ಸಾವಿರ ಕೋಟಿ ದಾಟಿತ್ತು. ಮಾರಾಟದ ಮೊತ್ತವೊಂದನ್ನೇ ನೋಡಿದರೆ ಕುಸಿತ ಎಷ್ಟೆಂದು ಹೇಳಲಾಗದು. ಎದುರಿಗೆ ಕೊಳ್ಳುವವರು ಯಾವ ದರಕ್ಕೆ ಒಪ್ಪುತ್ತಾರೆ ಎಂಬುದೂ ಗೊತ್ತಿರಬೇಕು.

ಅವರು ಹೊರಡುವುದೇಕೆ?

ವಿದೇಶಿಗರು ಲಾಭವನ್ನು ಡಾಲರ್‌ನಲ್ಲಿ ಎಣಿಸುತ್ತಾರೆ. ಡಾಲರ್‌ಗೆ 84 ರೂಪಾಯಿ ಇದ್ದಾಗ ಒಬ್ಬರು ಒಂದು ಲಕ್ಷ ಡಾಲರ್ ತಂದರೆ 84 ಲಕ್ಷ ರೂಪಾಯಿ ಆಗುತ್ತದೆ. ಷೇರು ಶೇ. 5 ಏರಿ ಅದು 88.2 ಲಕ್ಷ ಆಯಿತು. ಅಷ್ಟರಲ್ಲಿ ಡಾಲರ್ 88.2 ರೂಪಾಯಿ ಆದರೆ ವಾಪಸ್ ಸಿಗುವುದು ಅದೇ ಒಂದು ಲಕ್ಷ ಡಾಲರ್. ನಮಗೆ ಲಾಭ, ಅವರಿಗೆ ಸೊನ್ನೆ. ಅಮೆರಿಕದ ಸರ್ಕಾರಿ ಬಾಂಡ್‌ನಲ್ಲೇ ಒಳ್ಳೆಯ ಬಡ್ಡಿ ಸಿಗುತ್ತಿದ್ದರೆ ಅವರು ಹೊರಡುವುದು ಸಹಜ. ಹಾಗಾಗಿ ಅವರ ಮಾರಾಟವೆಲ್ಲ ನಮ್ಮ ಕಂಪನಿಗಳು ಕೆಟ್ಟಿವೆ ಎಂಬ ತೀರ್ಪಲ್ಲ.

ಅವರ ಹಣ ಹೆಚ್ಚಾಗಿ ಇರುವುದು ದೊಡ್ಡ ಬ್ಯಾಂಕ್, ಐಟಿಯಂಥ ಕಂಪನಿಗಳಲ್ಲಿ. ನಿಫ್ಟಿಯಲ್ಲಿ ತೂಕ ಹೆಚ್ಚಿರುವುದೂ ಅವಕ್ಕೇ. ಆದ್ದರಿಂದ ಪೆಟ್ಟು ಮೊದಲು ಸೂಚ್ಯಂಕದಲ್ಲಿ ಕಾಣುತ್ತದೆ. ನಮ್ಮ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಕಾರ್ಖಾನೆ ಇರುವ ಕಿರ್ಲೋಸ್ಕರ್ ಫೆರಸ್ ಕೂಡ ಪೇಟೆಯಲ್ಲಿದೆ, ಆದರೆ ನಿಫ್ಟಿಯ 50 ಕಂಪನಿಗಳಲ್ಲಿ ಇಲ್ಲ. ನಿಫ್ಟಿ ಬಿದ್ದ ದಿನ ಎಲ್ಲ ಷೇರೂ ಅಷ್ಟೇ ಬೀಳಬೇಕೆಂದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಅದೇ ಅಕ್ಟೋಬರ್‌ಗೆ ಕೆಲವು ಸಂದೇಶಗಳಲ್ಲಿ 94 ಸಾವಿರ ಕೋಟಿ, ಕೆಲವದರಲ್ಲಿ 1.14 ಲಕ್ಷ ಕೋಟಿ ಎಂದಿತ್ತು. ಎರಡೂ ಸುಳ್ಳಲ್ಲ. ದೊಡ್ಡ ಅಂಕಿ ಷೇರುಪೇಟೆಯೊಳಗಿನ ಮಾರಾಟದ್ದು. ಎನ್‌ಎಸ್‌ಡಿಎಲ್ ಕೊಡುವ ಚಿಕ್ಕ ಅಂಕಿಯಲ್ಲಿ ವಿದೇಶಿಗರು ಹೊಸ ಐಪಿಒಗಳಲ್ಲಿ ಹಾಕಿದ ಹಣವೂ ಸೇರಿದೆ. ಹ್ಯುಂಡೈ ಇಂಡಿಯಾದ 27 ಸಾವಿರ ಕೋಟಿಗೂ ಮಿಕ್ಕಿದ ಐಪಿಒ ಬಂದದ್ದು ಅದೇ ತಿಂಗಳು. ಅಂದರೆ ಒಂದು ಬಾಗಿಲಲ್ಲಿ ಹೊರಟವರು ಇನ್ನೊಂದರಲ್ಲಿ ಒಳಗೂ ಬಂದಿದ್ದರು.

ಸಂದೇಶ ಬಂದಾಗ ಮೂರು ಸಂಗತಿ ಹುಡುಕಿ: ಅಂಕಿ ಒಂದು ದಿನದ್ದೋ ತಿಂಗಳದ್ದೋ, ಐಪಿಒ ಸೇರಿದೆಯೋ ಇಲ್ಲವೋ, ದೇಶದ ಸಂಸ್ಥೆಗಳು ಎಷ್ಟು ಕೊಂಡವು. fpi.nsdl.co.in ತಾಣದಲ್ಲಿ ವಿದೇಶಿಗರ ಲೆಕ್ಕ ಉಚಿತವಾಗಿ ಸಿಗುತ್ತದೆ. ಈ ಮೂರೂ ಇಲ್ಲದ ಸಂದೇಶ ನೋಡಿ ಎಸ್ಐಪಿ ನಿಲ್ಲಿಸುವುದೆಂದರೆ, ಅರ್ಧ ಚೀಟಿ ಓದಿ ಭತ್ತ ಮಾರಿದಂತೆ.