ಐಸಿಲ್ಲದ ಚೀಲದಲ್ಲಿ ಸತ್ತ ಲಸಿಕೆ

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೂ ಒಂದೆರಡು ಕೋಳಿ ಹೊರಬರುವುದಿಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ತೂಕಡಿಸುತ್ತವೆ. ಹಿಕ್ಕೆ ಹಸಿರು ಮಿಶ್ರಿತ ಬಿಳಿ ನೀರು. ಕೊಕ್ಕು ತೆರೆದು ಏದುಸಿರು ಬಿಡುತ್ತವೆ. ಮೊಟ್ಟೆ ಇಡುವವು ತೆಳು ಚಿಪ್ಪಿನದನ್ನು ಇಡುತ್ತವೆ. ಕುತ್ತಿಗೆ ತಿರುಚಿಕೊಳ್ಳುವುದು ಸಾಮಾನ್ಯವಾಗಿ ಆಮೇಲೆ. ನಮ್ಮ ಹಳ್ಳಿಗಳ ಕೊಕ್ಕರೆ ರೋಗ ಇದೇ. 1920ರ ದಶಕದಲ್ಲಿ ಕುಮಾವೂ ಬೆಟ್ಟದ ರಾಣಿಖೇತದಲ್ಲಿ ಕಂಡದ್ದರಿಂದ ಆ ಊರಿನ ಹೆಸರು ಅಂಟಿತು.

ವೈರಾಣುವನ್ನು ಕೊಲ್ಲುವ ಔಷಧಿ ಇಲ್ಲ. ಲಸಿಕೆಯೇ ಗತಿ.

ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕುವ ಲಾಸೋಟಾದಲ್ಲಿರುವುದು ದುರ್ಬಲಗೊಂಡ ಜೀವಂತ ವೈರಾಣು. ಅದು ಮರಿಯ ದೇಹದಲ್ಲಿ ಬೆಳೆದರಷ್ಟೇ ರಕ್ಷಣೆ. ಹಾಗಾಗಿ ಒಣಪುಡಿಯ ಸೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಪೇಟೆಯಿಂದ ಬೈಕಿನ ಚೀಲದಲ್ಲಿ ಮಧ್ಯಾಹ್ನದ ಬಿಸಿಲಿಗೆ ತಂದರೆ ವೈರಾಣು ದಾರಿಯಲ್ಲೇ ಸಾಯಬಹುದು. ಎಡವಟ್ಟೆಂದರೆ, ಸತ್ತ ಲಸಿಕೆಯೂ ನೋಡಲು ಹಾಗೇ ಇರುತ್ತದೆ! ಹನಿ ಹಾಕಿದ್ದಾಯಿತೆಂದು ಸಾಕಿದವರು ನಿಶ್ಚಿಂತರಾಗುತ್ತಾರೆ. ರೋಗ ಬಂದಾಗ ಬೈಗುಳ ಲಸಿಕೆಗೆ.

ಐಸ್ ತುಂಬಿದ ಥರ್ಮಾಸ್ ಸಾಕು. ದ್ರಾವಣ ಬೆರೆಸಿದ ಮೇಲೆ ಸೀಸೆಯನ್ನು ಐಸಿನ ಮೇಲಿಟ್ಟು, ನೆರಳಿನಲ್ಲಿ, ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದನ್ನು ನಾಳೆಗೆಂದು ಫ್ರಿಜ್ಜಿಗೆ ಸೇರಿಸುವಂತಿಲ್ಲ.